ಮನೆಯಲ್ಲೇ ಜೋಡಿಸಿದ ಕಂಟ್ರೋಲರ್ ಬೋರ್ಡ್ ದಿನವಿಡೀ ಚಾಲೂ ಇರಬಹುದೇ?

ಪ್ರಶ್ನೆ: ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ 1 ಎಚ್‌ಪಿ ಮೋಟರಿಗಾಗಿ, ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಕಂಟ್ರೋಲರ್ ಬೋರ್ಡ್ ಜೋಡಿಸಿದ್ದೇನೆ. 12 ವೋಲ್ಟ್ ಅಡಾಪ್ಟರಿನ ವಿದ್ಯುತ್ತನ್ನು 5 ವೋಲ್ಟಿಗೆ ಇಳಿಸುವ 7805 ರೆಗ್ಯುಲೇಟರ್ ಮುಟ್ಟಲಾಗದಷ್ಟು ಕಾಯುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಇದನ್ನು ಚಾಲೂ ಬಿಡಬಹುದೇ?

ಉತ್ತರ: ಈಗಿರುವ ಸ್ಥಿತಿಯಲ್ಲಿ ಖಂಡಿತ ಬಿಡಬೇಡಿ.

ಮೊದಲು ರೆಗ್ಯುಲೇಟರನ್ನೇ ನೋಡೋಣ. ವೈಫೈ ಮಾಡ್ಯೂಲ್, ರಿಲೇ, ಸೆನ್ಸರ್‌ಗಳೆಲ್ಲ ಸೇರಿ 200 ಮಿಲಿ ಆಂಪಿಯರ್ ಎಳೆಯುತ್ತವೆ ಎಂದುಕೊಂಡರೆ, ಉಳಿದ 7 ವೋಲ್ಟ್ ರೆಗ್ಯುಲೇಟರಿನಲ್ಲಿ 1.4 ವಾಟ್ ಶಾಖವಾಗುತ್ತದೆ. ಹೀಟ್‌ಸಿಂಕ್ ಇಲ್ಲದ 7805 ಪ್ರತಿ ವಾಟಿಗೆ ಸುಮಾರು 65 ಡಿಗ್ರಿ ಕಾಯುವುದರಿಂದ, ಡಬ್ಬಿಯೊಳಗಿನ ಗಾಳಿ 40 ಡಿಗ್ರಿ ಇದ್ದರೆ ಅದರ ಒಳಭಾಗ 130 ಡಿಗ್ರಿ ಮುಟ್ಟುತ್ತದೆ. ಸಾಮಾನ್ಯ ಮಿತಿಯೇ 125. ಹೀಟ್‌ಸಿಂಕ್ ಹಾಕಿದರೂ ಆ ಶಾಖ ಡಬ್ಬಿಯಲ್ಲೇ ಉಳಿಯುತ್ತದೆ. ಆದ್ದರಿಂದ ಬಿಐಎಸ್ ಗುರುತಿರುವ 5 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ತಂದು, 7805 ಅನ್ನು ತೆಗೆದುಹಾಕಿ ಬೋರ್ಡಿಗೆ ನೇರವಾಗಿ 5 ವೋಲ್ಟ್ ಕೊಡುವುದೇ ಸರಿ.

ಆದರೆ ಬೆಂಕಿಯ ಹೆಚ್ಚಿನ ಭಯವಿರುವುದು 230 ವೋಲ್ಟಿನ ಕಡೆ. ನೀಲಿ ರಿಲೇ ಮೇಲೆ ಬರೆದಿರುವ 10 ಆಂಪಿಯರ್, ಹೀಟರಿನಂಥ ಲೋಡಿಗೆ ಅನ್ವಯಿಸುವ ಅಂಕಿ. ಮೋಟರ್ ಶುರುವಾಗುವ ಕ್ಷಣದಲ್ಲಿ ಅದರ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುವುದರಿಂದ ರಿಲೇಯ ಕಾಂಟ್ಯಾಕ್ಟ್‌ಗಳು ಅಂಟಿಕೊಂಡು, ಬೋರ್ಡ್ ಹೇಳಿದರೂ ಮೋಟರ್ ನಿಲ್ಲದೇ ಹೋಗಬಹುದು. ರಿಲೇ ಕೇವಲ ಕಾಂಟ್ಯಾಕ್ಟರಿನ ಕಾಯಿಲನ್ನು ನಡೆಸಲಿ. ಮೋಟರಿಗೆ ಹೊಂದುವ ಕಾಂಟ್ಯಾಕ್ಟರ್ ಮತ್ತು ಓವರ್‌ಲೋಡ್ ರಿಲೇಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಡಬ್ಬಿ ಬೆಂಕಿ ಹರಡದ, ವಿ-0 ದರ್ಜೆಯ ಪ್ಲಾಸ್ಟಿಕ್ಕಿನದಾಗಿರಲಿ.

ನಂತರ ಪರೀಕ್ಷೆ. ಥರ್ಮೋಕಪಲ್ ಇರುವ ಮಲ್ಟಿಮೀಟರಿನ ತುದಿಯನ್ನು 5 ವೋಲ್ಟಿನ ಭಾಗದ ಬಳಿ ಅಂಟಿಸಿ, ಮುಚ್ಚಳ ಹಾಕಿ, ನೀವು ಪಕ್ಕದಲ್ಲೇ ಇರುವಾಗ ನಾಲ್ಕು ಗಂಟೆ ಚಾಲೂ ಇಡಿ. ಅರ್ಧ ಗಂಟೆಗೊಮ್ಮೆ ಬರೆದುಕೊಂಡ ಉಷ್ಣತೆ ಒಂದು ಹಂತದಲ್ಲಿ ಏರುವುದು ನಿಲ್ಲಬೇಕು. ಏರುತ್ತಲೇ ಇದ್ದರೆ ಪರೀಕ್ಷೆ ಮುಗಿದಿಲ್ಲ. ಸಂಜೆಯ 25 ಡಿಗ್ರಿಯಲ್ಲಿ ಅಳೆದಿದ್ದರೆ, ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನಕ್ಕಾಗಿ ಕನಿಷ್ಠ 10 ಡಿಗ್ರಿ ಸೇರಿಸಿ. ತಾರಸಿಯ ತಗಡಿನ ಶೆಡ್ಡಿನಲ್ಲಿಡುವುದಾದರೆ ಅಲ್ಲಿಯೇ ಬಿಸಿಲಲ್ಲಿ ಅಳೆಯಿರಿ.

ಮೋಟರ್ ಟ್ಯಾಂಕ್ ತುಂಬಿಸಿ ನಿಂತ ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ, ಡಬ್ಬಿ ತೆರೆದು, ಸ್ಕ್ರೂ ಟರ್ಮಿನಲ್‌ಗಳ ಪ್ಲಾಸ್ಟಿಕ್ ಮೈಯನ್ನು ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಿರಿ (ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ). ಫೇಸ್ ಮತ್ತು ನ್ಯೂಟ್ರಲ್ ತಂತಿಗಳಲ್ಲಿ ಹರಿಯುವುದು ಒಂದೇ ಕರೆಂಟ್. ಹಾಗಿದ್ದೂ ಒಂದು ಟರ್ಮಿನಲ್ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಅಲ್ಲಿನ ಜೋಡಣೆ ಸಡಿಲವಾಗಿದೆ ಎಂದೇ ತಿಳಿಯಿರಿ. ಸಡಿಲ ಜೋಡಣೆಯಲ್ಲಿ ಕರೆಂಟ್ ಹೆಚ್ಚುವುದಿಲ್ಲವಾದ್ದರಿಂದ ಎಂಸಿಬಿ ಬೀಳುವುದಿಲ್ಲ. ಅದು ಬೀಳಲಿಲ್ಲವೆಂದು ನೆಮ್ಮದಿಯಿಂದಿರಬೇಡಿ. ತಂತಿಯ ತುದಿಗೆ ಬೆಸುಗೆ ಹಾಕಿ ಸ್ಕ್ರೂ ಬಿಗಿದಿದ್ದರೆ ಸೀಸ ಕ್ರಮೇಣ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಆ ತುದಿಯನ್ನು ಕತ್ತರಿಸಿ, ಫೆರೂಲ್ ಒತ್ತಿ, ಮತ್ತೆ ಬಿಗಿದು, ಪರೀಕ್ಷೆಯನ್ನು ಮೊದಲಿನಿಂದ ಮಾಡಿ.