ಮಾಸ್ಟ್ರ ಒಂದು ಫೋಟೋ, ಒಂದು ಕಾಗದ ಮತ್ತು ಮನೆಯವರ ಒಪ್ಪಿಗೆ

ನಮ್ಮ ಮಾಸ್ಟ್ರು ಹಗಲು ಮುಂಬೈ ಫೋರ್ಟ್‌ನ ಒಂದು ಆಫೀಸಿನಲ್ಲಿ ಗುಮಾಸ್ತರು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಅಧ್ಯಾಪಕರು. ಊರಿಂದ ಬಂದು ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದ, ಟೇಬಲ್ ಒರೆಸುತ್ತಿದ್ದ ಹುಡುಗರೇ ಅವರ ವಿದ್ಯಾರ್ಥಿಗಳು. ನಾನೂ ಅವರಲ್ಲೊಬ್ಬ. ಅವರು ತೀರಿಹೋದ ಮೇಲೆ ಜೀವನಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಪುಸ್ತಕ ನಮ್ಮ ನಮ್ಮಲ್ಲೇ ಇರಲಿ ಎಂದು ಅಮ್ಮ, ಅಂದರೆ ಮಾಸ್ಟ್ರ ಹೆಂಡತಿ, ಹೇಳಿದ್ದಾರೆ.

ಅಮ್ಮ ಮೊದಲ ದಿನವೇ "ಬರಿ ಮಾರಾಯ, ನಿನಗೆ ಬೇಡ ಅಂತೇನಾ?" ಅಂದರು. ಆದರೆ ಆ ಪ್ರೀತಿಯ ಮಾತನ್ನೇ ಒಪ್ಪಿಗೆ ಅಂದುಕೊಂಡರೆ ಮುಂದೆ ಕಷ್ಟ. ಮಾಸ್ಟ್ರ ಕಾಗದಗಳಿದ್ದ ಟ್ರಂಕಿನಲ್ಲಿ ಏನೇನಿದೆ ಎಂದು ಅವರಿಗೇ ಪೂರ್ತಿ ನೆನಪಿರಲಿಲ್ಲ. ನೋಡದ ಕಾಗದಕ್ಕೆ ಯಾರಾದರೂ ಹೇಗೆ ಒಪ್ಪಿಗೆ ಕೊಡುತ್ತಾರೆ? ಹಾಗಾಗಿ ಒಂದು ಹಾಳೆಯಲ್ಲಿ ಸರಳ ಕನ್ನಡದಲ್ಲಿ ಬರೆದುಕೊಂಡು ಹೋದೆ. ಯಾವುದನ್ನು ಸ್ಕ್ಯಾನ್ ಮಾಡುತ್ತೇನೆ, ರೆಕಾರ್ಡಿಂಗ್ ಯಾರ ಹತ್ತಿರ ಇರುತ್ತದೆ, ಅಚ್ಚಿಗೆ ಹೋಗುವ ಮೊದಲು ಮನೆಯವರಲ್ಲಿ ಯಾರೊಬ್ಬರು ಬೇಡವೆಂದರೂ ಯಾವುದನ್ನು ಬೇಕಾದರೂ ತೆಗೆಸಬಹುದು, ಇಷ್ಟೇ. ಅಮ್ಮ, ಮಗಳು, ಮಗ ಮೂವರೂ ಸಹಿ ಹಾಕಿದರು. ಆಮೇಲೆ ಒಂದೊಂದು ಕಾಗದಕ್ಕೂ ಬೇರೆ ಬೇರೆಯಾಗಿ ಕೇಳಿದೆ.

ಕಾಗದಗಳ ವಿಷಯದಲ್ಲಿ ಒಂದು ಕಾನೂನು ತಿಳಿದಿರಬೇಕು. ಕಾಗದ ಯಾರ ಕಪಾಟಿನಲ್ಲಿದೆಯೋ ಅವರಿಗೆ ಆ ಹಾಳೆ ಸೇರಿದ್ದು. ಅದರಲ್ಲಿರುವ ಬರಹದ ಕಾಪಿರೈಟ್ ಮಾತ್ರ ಬರೆದವರದ್ದು, ಅವರು ತೀರಿಕೊಂಡ ಮೇಲೆ ವಾರಸುದಾರರದ್ದು. ನಮ್ಮಲ್ಲಿ ಅದು ಬರೆದವರು ತೀರಿಕೊಂಡ ಮೇಲೂ ಕನಿಷ್ಠ 60 ವರ್ಷ ಇರುತ್ತದೆ. ಮಾಸ್ಟ್ರು ಊರಿನ ಅಣ್ಣನಿಗೆ ಬರೆದ ಕಾಗದಗಳು ಅಣ್ಣನ ಮಗನ ಮನೆಯಲ್ಲಿ ಸಿಕ್ಕವು. ಅವುಗಳನ್ನು ಅಚ್ಚು ಹಾಕಲು ಅಮ್ಮ ಮತ್ತು ಮಕ್ಕಳ ಒಪ್ಪಿಗೆ ಬೇಕಿತ್ತು. ಹಳೇ ವಿದ್ಯಾರ್ಥಿಗಳು ಮಾಸ್ಟ್ರಿಗೆ ಬರೆದ ಕಾಗದಗಳು ಅಮ್ಮನ ಟ್ರಂಕಿನಲ್ಲೇ ಇದ್ದರೂ ಅವಕ್ಕೆ ಆ ವಿದ್ಯಾರ್ಥಿಗಳನ್ನೇ ಕೇಳಬೇಕಿತ್ತು. ಒಬ್ಬ ಹುಡುಗ ಧಣಿಯಿಂದ ಪೆಟ್ಟು ತಿಂದದ್ದನ್ನು ಬರೆದಿದ್ದ. ಈಗ ಅವನಿಗೆ ಮೊಮ್ಮಕ್ಕಳಿದ್ದಾರೆ. "ಅದು ಬೇಡ" ಅಂದ, ಬಿಟ್ಟೆ.

ಊರಿನ ಕಾಗದಗಳನ್ನೆಲ್ಲ ಹಳೇ ಪದ್ಧತಿಯಂತೆ ತಂತಿಗೆ ಚುಚ್ಚಿಟ್ಟಿದ್ದರು. ಪ್ರತಿ ಇನ್‌ಲ್ಯಾಂಡ್ ಲೆಟರಿನ ನಡುವೆಯೂ ಒಂದು ತೂತು, ಅದರ ಸುತ್ತ ತುಕ್ಕಿನ ಕಲೆ. ತೂತಿಗೆ ಒಂದೋ ಎರಡೋ ಅಕ್ಷರ ಹೋಗಿರುತ್ತಿದ್ದವು. ನಕಲು ಮಾಡುವಾಗ ಅಂಥ ಕಡೆ ಖಾಲಿ ಚೌಕ ಬಿಟ್ಟೆ, ಊಹಿಸಿ ತುಂಬಲಿಲ್ಲ. ತಂತಿಯಲ್ಲಿದ್ದ ಕ್ರಮವೂ ಒಂದು ಸಾಕ್ಷಿ, ಯಾಕೆಂದರೆ ಮೊದಲು ಬಂದದ್ದು ಕೆಳಗೆ, ಆಮೇಲೆ ಬಂದದ್ದು ಮೇಲೆ. ಅದಕ್ಕೇ ತೆಗೆಯುವ ಮೊದಲು ಮೆತ್ತನೆಯ ಪೆನ್ಸಿಲಿನಲ್ಲಿ ಮೂಲೆಗೆ ನಂಬರ್ ಹಾಕಿದೆ.

ಇನ್ನು ಫೋಟೋ. ಶಾಲೆಯ ಮೆಟ್ಟಿಲ ಮೇಲೆ ಮಾಸ್ಟ್ರು, ಸುತ್ತ ಹುಡುಗರು, ಕಪ್ಪು ಬಿಳುಪು. ನಾನು ಮಾತಾಡಿಸಿದ ಹಳಬರಲ್ಲಿ ಹೆಚ್ಚಿನವರು ಇದು 1982ರದ್ದು ಅಂದರು. ಆ ಜನವರಿಯಲ್ಲಿ ಮುಂಬೈಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗಿತ್ತು. ಸಂಬಳ ನಿಂತ ಮನೆಗಳಿಗೆ ಮಾಸ್ಟ್ರು ಅಕ್ಕಿ ಒಟ್ಟು ಮಾಡಿ ಕೊಟ್ಟಿದ್ದರು, ಆಗ ತೆಗೆಸಿದ ಫೋಟೋ ಇದು ಎನ್ನುವುದು ಅವರ ನೆನಪು. ಆದರೆ ಅವರೆಲ್ಲ ವರ್ಷಕ್ಕೊಮ್ಮೆ ಒಟ್ಟಿಗೆ ಸೇರುವವರು. ಒಬ್ಬರ ಮಾತು ಇನ್ನೊಬ್ಬರ ನೆನಪಾಗಿ ಕೂತುಬಿಡುತ್ತದೆ, ಅಲ್ವಾ? ಹತ್ತು ಜನ ಒಂದೇ ಮಾತು ಹೇಳಿದರೂ ಅದು ಒಂದೇ ಸಾಕ್ಷಿ ಇರಬಹುದು.

ಫೋಟೋದ ಹಿಂದೆ ಸ್ಟುಡಿಯೋದ ಸೀಲು, "ಬಾಂಬೆ-1" ಎಂದಿತ್ತು. ಅದು ಹಳೇ ಅಂಚೆ ವಲಯದ ನಂಬರ್, ಆರು ಅಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಅಂದರೆ ಫೋಟೋ ಅದಕ್ಕೂ ಹಿಂದಿನದಿರಬಹುದು. ಖಚಿತವಾಗಿ ಹೇಳುವಂತಿಲ್ಲ, ಹಳೇ ಸೀಲನ್ನು ಎಷ್ಟೋ ವರ್ಷ ಬಳಸುವವರಿದ್ದಾರೆ.

ಉತ್ತರ ತಂತಿಯಲ್ಲಿತ್ತು. ಒಂದು ಇನ್‌ಲ್ಯಾಂಡಿನಲ್ಲಿ ಮಾಸ್ಟ್ರು ಬರೆದಿದ್ದರು: "ಮೊನ್ನೆ ಶಾಲೆಯಲ್ಲಿ ಫೋಟೋ ತೆಗೆಸಿದೆವು. ನನ್ನ ಎಡಕ್ಕೆ ನಿಂತವನ ಕೈಗೆ ಬಿಸಿ ಎಣ್ಣೆ ಬಿದ್ದಿದೆ, ಬೇಡವೆಂದರೂ ಬಂದ. ಫೋಟೋ ಬೇರೆ ಕವರಿನಲ್ಲಿ ಕಳಿಸುತ್ತೇನೆ." ಇನ್‌ಲ್ಯಾಂಡಿನ ಒಳಗೆ ಏನನ್ನೂ ಇಡುವಂತಿರಲಿಲ್ಲ, ಅದಕ್ಕೆ ಬೇರೆ ಕವರು. ಫೋಟೋವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಾಗ ಎಡಗಡೆಯ ಹುಡುಗನ ಅಂಗಿಯ ತೋಳಿನ ಕೆಳಗೆ ಬಿಳಿ ಪಟ್ಟಿ ಸ್ಪಷ್ಟವಾಗಿ ಕಂಡಿತು.

ಕಾಗದದ ತಲೆಯಲ್ಲಿ "7-3, ಆದಿತ್ಯವಾರ" ಅಂತ ಮಾತ್ರ ಇತ್ತು, ವರ್ಷ ಇಲ್ಲ. ಅಂಚೆ ಮುದ್ರೆಯಲ್ಲಿ ವರ್ಷದ 7 ಓದಲು ಬರುತ್ತಿತ್ತು, ಅದರ ಮುಂದಿನ ಅಂಕಿ ಮಸಿಯಲ್ಲಿ ಹೋಗಿತ್ತು. ಕ್ಯಾಲೆಂಡರ್ ನೋಡಿದೆ. ಆ ದಶಕದಲ್ಲಿ ಮಾರ್ಚ್ 7 ಆದಿತ್ಯವಾರ ಬಂದದ್ದು 1971ರಲ್ಲಿ ಮತ್ತು 1976ರಲ್ಲಿ ಮಾತ್ರ. ವಿಳಾಸದಲ್ಲಿ "ಮೈಸೂರು ರಾಜ್ಯ" ಎಂದಿತ್ತು, ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರಿನಲ್ಲಿ. ಅಭ್ಯಾಸಬಲದಿಂದ ಹಳೇ ಹೆಸರು ಬರೆದಿರಲೂಬಹುದು ಎಂದು ಕಾಗದವನ್ನು ಮತ್ತೆ ಓದಿದೆ. ಕೊನೆಯಲ್ಲಿ "ಇಲ್ಲಿ ಎಲ್ಲಾ ಕಡೆ ಚುನಾವಣೆಯ ಗದ್ದಲ" ಎಂಬ ಸಾಲಿತ್ತು. 1971ರ ಮಾರ್ಚಿನಲ್ಲಿ ಲೋಕಸಭೆ ಚುನಾವಣೆ ನಡೆದಿತ್ತು. 1976ರ ಮಾರ್ಚಿನಲ್ಲಿ ಇದ್ದದ್ದು ತುರ್ತು ಪರಿಸ್ಥಿತಿ. ಅಲ್ಲಿಗೆ 1971 ಗಟ್ಟಿಯಾಯಿತು.

ಕೈ ಸುಟ್ಟುಕೊಂಡ ಹುಡುಗ ಈಗ ಡೊಂಬಿವಿಲಿಯಲ್ಲಿದ್ದಾರೆ. ಅವರಿಗೆ ವರ್ಷದ ಸುದ್ದಿ ಎತ್ತದೆ ಫೋಟೋ ಕೊಟ್ಟು ಸುಮ್ನೆ ಕೂತೆ. ವರ್ಷ ಕೇಳಿದರೆ ಜನ ಊಹಿಸಿ ಹೇಳುತ್ತಾರೆ. ಕೆಲಸ, ದಾರಿ, ಊಟ ಕೇಳಿದರೆ ಕಂಡದ್ದನ್ನು ಹೇಳುತ್ತಾರೆ. "ಆಗ ಎಲ್ಲಿ ಕೆಲಸ?" ಎಂದಷ್ಟೇ ಕೇಳಿದೆ. "ಹೋಟೆಲಲ್ಲಿ, ಬಜ್ಜಿ ಬಾಣಲೆ ಹತ್ರ. ಗಿರಣಿ ಸೇರಿದ್ದು ಆಮೇಲೆ," ಎಂದು ತೋಳು ಮಡಚಿ ಕಲೆ ತೋರಿಸಿದರು. 1982ರಲ್ಲಿ ಅವರೇ ಮುಷ್ಕರದಲ್ಲಿದ್ದ ಕಾರ್ಮಿಕ. ಮಾಸ್ಟ್ರು ಕೊಟ್ಟ ಅಕ್ಕಿ ಅವರ ಖೋಲಿಗೂ ಬಂದಿತ್ತಂತೆ.

ಹಾಗಾಗಿ ಅಕ್ಕಿಯ ಕಥೆ ಸುಳ್ಳಾಗಲಿಲ್ಲ, ಫೋಟೋದಿಂದ ಬೇರೆಯಾಯಿತು ಅಷ್ಟೇ. ಅಕ್ಕಿ ಪಡೆದವರ ಬಾಯಿಂದಲೇ ಅದನ್ನು ಬೇರೆ ಅಧ್ಯಾಯದಲ್ಲಿ ಬರೆದೆ. ಹಳಬರಿಗೂ ಕಾಗದದ ಪ್ರತಿ ತೋರಿಸಿದೆ. ಒಬ್ಬರು ಮಾತ್ರ ಇನ್ನೂ ಒಪ್ಪಿಲ್ಲ. ಅವರ ಮಾತನ್ನು ಅವರ ಹೆಸರಿನಲ್ಲೇ ಅಡಿಟಿಪ್ಪಣಿಯಲ್ಲಿ ಹಾಕಿದ್ದೇನೆ.

ಅದೇ ತಂತಿಯಲ್ಲಿ ಮಾಸ್ಟ್ರು ಅಣ್ಣನ ಹತ್ತಿರ ಸಾಲ ಕೇಳಿದ ಕಾಗದಗಳೂ ಇದ್ದವು. ಬರೆಯುವವನಿಗೆ ಅವು ಬಹಳ ಬೆಲೆಯವು. ಸಂಬಳ ಎಷ್ಟು, ಬಾಡಿಗೆ ಎಷ್ಟು, ಹುಡುಗರ ಪುಸ್ತಕಕ್ಕೆ ಕೈಯಿಂದ ಹೋದದ್ದೆಷ್ಟು, ಎಲ್ಲ ಅದರಲ್ಲಿದೆ. ಅಕ್ಕ, ಅಂದರೆ ಮಾಸ್ಟ್ರ ಮಗಳು, ಹಾಕಬಹುದು ಅಂದರು. ಅಮ್ಮ ಬೇಡ ಅಂದರು. "ಅವರು ಬದುಕಿದ್ದಾಗ ಯಾರಿಗೂ ಹೇಳಲಿಲ್ಲ. ಈಗ ನಾವು ಹೇಳುವುದಾ?" ಮನೆಯವರಲ್ಲಿ ಒಬ್ಬರು ಬೇಡವೆಂದರೂ ಬೇಡ ಎಂದು ಹಾಳೆಯಲ್ಲೇ ಬರೆದಿತ್ತು. ಅಂಕಿಗಳನ್ನೂ ಬಳಸಲಿಲ್ಲ, ಸೂಚನೆಯಾಗಿಯೂ ತರಲಿಲ್ಲ. ಹುಡುಗರಿಗೆ ಪುಸ್ತಕ ಕೊಡಿಸುತ್ತಿದ್ದರು ಎಂಬುದು ಹುಡುಗರೇ ಹೇಳಿದ ಮಾತು, ಅದನ್ನು ಅವರ ಮಾತಾಗಿಯೇ ಇಟ್ಟೆ.

ಅಮ್ಮನಿಗೆ ಕಣ್ಣು ಮಂಜು. ಅದಕ್ಕೇ ಪೂರ್ತಿ ಕರಡನ್ನು ಕೂತು ಓದಿ ಹೇಳಿದೆ. ಎಷ್ಟೋ ಕಡೆ ತಡೆದರು, ಜಾಸ್ತಿ ಹೊಗಳಿದ ಕಡೆಯೇ ಹೆಚ್ಚು. ಮೂಲ ಕಾಗದಗಳನ್ನು ಅದೇ ಕ್ರಮದಲ್ಲಿ, ಆದರೆ ತಂತಿ ಬಿಟ್ಟು ಆಮ್ಲವಿಲ್ಲದ ಕಾಗದದ ಲಕೋಟೆಗಳಲ್ಲಿ ಹಾಕಿ, ಪಟ್ಟಿಗೆ ಸಹಿ ಮಾಡಿಸಿ ಅಣ್ಣನ ಮಗನಿಗೆ ವಾಪಸ್ ಕೊಟ್ಟಿದ್ದೇನೆ. ಸಾಲದ ಕಾಗದಗಳ ಸ್ಕ್ಯಾನ್ ನನ್ನ ಬಳಿ ಇಲ್ಲ. ಅಕ್ಕನ ಎದುರೇ ಅಳಿಸಿದೆ.