ಸಿಇಟಿಗೆ ಒಂದು ಕವರ್, ನೀಟ್‌ಗೆ ಬೇರೆ ಕವರ್

ಜಗಳೂರು ಕಡೆಯ ನಮ್ಮಕ್ಕನ ಮಗಳು 2025ರಲ್ಲಿ ಸಿಇಟಿ, ನೀಟ್ ಎರಡನ್ನೂ ಬರೆದದ್ದು ದಾವಣಗೆರೆಯಲ್ಲಿ, ನಮ್ಮ ಮನೆಯಲ್ಲಿ ಉಳಿದುಕೊಂಡು. ಓದು ಅವಳದು, ಚೀಲ ನನ್ನದು ಅಂತ ಮೊದಲೇ ಮಾತಾಗಿತ್ತು. ಏಪ್ರಿಲ್ 16 ಮತ್ತು 17ಕ್ಕೆ ಸಿಇಟಿ, ಮೇ 4ಕ್ಕೆ ನೀಟ್. ನಡುವೆ ಮೂರು ವಾರವೂ ಇರಲಿಲ್ಲ. ಸಿಇಟಿಗೆ ಜೋಡಿಸಿಟ್ಟ ಕವರನ್ನೇ ನೀಟ್‌ಗೂ ಕೊಟ್ಟು ಕಳಿಸಬಹುದು ಅಂತ ಎಲ್ಲರಿಗೂ ಅನ್ನಿಸುತ್ತೆ. ಆದರೆ ಒಂದರಲ್ಲಿ ಇರಲೇಬೇಕಾದದ್ದು ಇನ್ನೊಂದರಲ್ಲಿ ಒಳಗೇ ಬಿಡದ ವಸ್ತು. ಅದಕ್ಕೇ ಸಿಇಟಿ ಮುಗಿದ ಸಂಜೆ ಆ ಕವರನ್ನು ಪೂರ್ತಿ ಖಾಲಿ ಮಾಡಿ ತೆಗೆದಿಟ್ಟೆ.

ಸಿಇಟಿಯದು ಸರಳ. ಪ್ರವೇಶ ಪತ್ರ, ಫೋಟೊ ಇರುವ ಅಸಲಿ ಗುರುತಿನ ಚೀಟಿ, ಪೆನ್ನು. ಪೆನ್ನು ನೀಲಿ ಅಥವಾ ಕಪ್ಪು ಬಾಲ್‌ಪಾಯಿಂಟ್ ಆಗಿರಬೇಕು. ಜೆಲ್ ಪೆನ್ ಬೇಡ ಅಂದೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಅಂಗೈ ಬೆವರುತ್ತೆ, ಒದ್ದೆ ಕೈ ತಾಗಿದರೆ ಜೆಲ್ ಇಂಕು ಓಎಂಆರ್ ಹಾಳೆ ಮೇಲೆ ಹರಡುತ್ತೆ. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತೀರಾ ಸಣ್ಣ ಮೊನೆಯ ಪೆನ್ನಾದರೆ ಒಂದೊಂದು ವೃತ್ತ ತುಂಬೋದಕ್ಕೂ ನಾಲ್ಕಾರು ಸಲ ಗೀಚಬೇಕು, ಹೊತ್ತು ಅಲ್ಲೇ ಹೋಗುತ್ತೆ. ಹಾಗಾಗಿ ಸ್ವಲ್ಪ ದಪ್ಪ ಮೊನೆಯವು ಮೂರು ತಂದು, ಮಾದರಿ ಹಾಳೆಯಲ್ಲಿ ಅವಳ ಕೈಯಲ್ಲೇ ಬರೆಸಿ, ಸರಾಗವಾಗಿ ಬರೆದ ಎರಡನ್ನು ಇಟ್ಟೆ. ವೈಟ್ನರ್, ಕ್ಯಾಲ್ಕುಲೇಟರ್, ಲಾಗ್ ಟೇಬಲ್, ಬಿಡಿ ಹಾಳೆ, ಮೊಬೈಲ್ ಯಾವುದೂ ಒಳಗೆ ಹೋಗಲ್ಲ. ಕೈಗಡಿಯಾರವೂ ಇಲ್ಲ. ಲೆಕ್ಕ ಮಾಡೋದೇನಿದ್ದರೂ ಪ್ರಶ್ನೆಪತ್ರಿಕೆಯಲ್ಲಿ ಅದಕ್ಕೆಂದೇ ಬಿಟ್ಟ ಜಾಗದಲ್ಲಿ. ಬೆಳಗಿನ ಪತ್ರಿಕೆ 11.50ಕ್ಕೆ ಮುಗಿದು ಮಧ್ಯಾಹ್ನದ್ದು 2.30ಕ್ಕೆ ಶುರುವಾಗೋದರಿಂದ ಊಟದ ಡಬ್ಬಿ, ಓದೋ ನೋಟ್ಸು ಎಲ್ಲ ನನ್ನ ಬ್ಯಾಗಿನಲ್ಲಿ, ಗೇಟಿನಾಚೆ.

ತಲೆಕೆಡಿಸಿದ್ದು ನೀಟ್. ಮೊದಲು ಬಂದದ್ದು ಯಾವ ಊರಲ್ಲಿ ಪರೀಕ್ಷೆ ಅಂತ ತಿಳಿಸುವ ಚೀಟಿ. ಅದನ್ನು ಪ್ರಿಂಟ್ ತೆಗೆಸಿ, ‘ಹಾಲ್ ಟಿಕೆಟ್ ಬಂತು’ ಅಂತ ಅಕ್ಕ ಊರಿಂದ ಫೋನ್ ಮಾಡಿದ್ಲು. ಅದರಲ್ಲಿ ಊರಿನ ಹೆಸರಿರುತ್ತೆ, ಕೇಂದ್ರದ ವಿಳಾಸ ಇರಲ್ಲ. ಅದನ್ನು ತೋರಿಸಿದರೆ ಒಳಗೆ ಬಿಡಲ್ಲ. ನಿಜವಾದ ಪ್ರವೇಶ ಪತ್ರ ಬಂದದ್ದು ಪರೀಕ್ಷೆಗೆ ಕೆಲವೇ ದಿನ ಇದ್ದಾಗ.

ಆ ಪತ್ರ ಬರೀ ತೋರಿಸೋ ಕಾಗದ ಅಲ್ಲ, ತುಂಬಿಕೊಂಡು ಹೋಗಬೇಕಾದ ಕಾಗದ. ಅದರಲ್ಲೂ ಸ್ವಲ್ಪ ಮನೆಯಲ್ಲಿ, ಸ್ವಲ್ಪ ಮೇಲ್ವಿಚಾರಕರ ಎದುರಿಗೆ. ಮೊದಲ ಪುಟದಲ್ಲಿ ಸ್ವಯಂ ಘೋಷಣೆ ಇದೆ. ಅಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ ಅಂಟಿಸಿ, ಎಡಗೈ ಹೆಬ್ಬೆಟ್ಟಿನ ಗುರುತು ಒತ್ತಿ ಮನೆಯಿಂದಲೇ ತರಬೇಕು. ಆದರೆ ಅಭ್ಯರ್ಥಿಯ ಸಹಿ ಮಾತ್ರ ಪರೀಕ್ಷಾ ಕೊಠಡಿಯಲ್ಲಿ, ಮೇಲ್ವಿಚಾರಕರ ಕಣ್ಣೆದುರೇ ಆಗಬೇಕು. ಎರಡನೆಯ ಪುಟದ ಚೌಕದಲ್ಲಿ ಪೋಸ್ಟ್‌ಕಾರ್ಡ್ ಅಳತೆಯ, ಅಂದರೆ 4 ಇಂಚು 6 ಇಂಚಿನ ಫೋಟೊ ಅಂಟಿಸಬೇಕು. ಅದರ ಮೇಲಿನ ಸಹಿಗಳೂ ಕೊಠಡಿಯಲ್ಲೇ: ಎಡಗಡೆ ಅಭ್ಯರ್ಥಿಯದು, ಬಲಗಡೆ ಮೇಲ್ವಿಚಾರಕರದು. ಖಾಲಿ ಗೆರೆ ಕಂಡರೆ ಸಹಿ ಹಾಕೋಕೆ ಮಕ್ಕಳಿಗೆ ಕೈ ತುರಿಸುತ್ತೆ. ಅದಕ್ಕೇ ಆ ಜಾಗಗಳ ಪಕ್ಕ ಹಳದಿ ಚೀಟಿ ಅಂಟಿಸಿ ‘ಈಗ ಬೇಡ’ ಅಂತ ಬರೆದೆ. ಹೊರಡುವಾಗ ಚೀಟಿ ಕಿತ್ತೆ.

ಪ್ರಿಂಟ್ ಎರಡು ಸೆಟ್ ತೆಗೆಸಿದೆ, ಎ4 ಹಾಳೆಯಲ್ಲಿ, ಬಣ್ಣದ್ದು. ಒಂದರಲ್ಲಿ ಹೆಬ್ಬೆಟ್ಟು ಕೆಟ್ಟರೆ ಇನ್ನೊಂದಿರಲಿ ಅಂತ. ಹೆಬ್ಬೆಟ್ಟು ಕೆಡೋದು ಒತ್ತಿ ಉಜ್ಜೋದರಿಂದ. ಪ್ಯಾಡಿನಲ್ಲಿ ಇಂಕು ಜಾಸ್ತಿಯಾದರೂ ಗೆರೆ ಕೂಡಿಕೊಂಡು ಬರೀ ಕಪ್ಪು ಚುಕ್ಕೆಯಾಗುತ್ತೆ. ಬೆರಳನ್ನು ಪ್ಯಾಡಿಗೆ ಹಗುರಾಗಿ ತಾಗಿಸಿ, ಹಳೇ ಪೇಪರಿನ ಮೇಲೆ ಒಂದು ಸಲ ಒತ್ತಿ ಹೆಚ್ಚಿನ ಇಂಕು ತೆಗೆದು, ಆಮೇಲೆ ಎಡದಿಂದ ಬಲಕ್ಕೆ ಒಂದೇ ಸಲ ಉರುಳಿಸಿ ಎತ್ತಿಸಿದೆ. ಗೆರೆಗಳು ಬಿಡಿಬಿಡಿಯಾಗಿ ಕಂಡವು. ಆರುವವರೆಗೂ ಫ್ಯಾನ್ ಕೆಳಗಿಟ್ಟು, ಬೆರಳನ್ನು ಕೊಬ್ಬರಿ ಎಣ್ಣೆ ಹಚ್ಚಿ ತೊಳೆಸಿದೆ. ಕೇಂದ್ರದಲ್ಲಿ ಬೆರಳಚ್ಚಿನ ಹಾಜರಿಯೂ ಇರುತ್ತೆ, ಇಂಕು ಉಳಿದರೆ ತೊಂದರೆ.

ಫೋಟೊ ಅರ್ಜಿಯಲ್ಲಿ ಹಾಕಿದ್ದೇ ಆಗಬೇಕು. ಹೊಸದಾಗಿ ತೆಗೆಸಿದ್ದು ಎಷ್ಟು ಚೆನ್ನಾಗಿದ್ದರೂ ಬೇಡ. ಬಿಳಿ ಹಿನ್ನೆಲೆ, ಕಿವಿ ಕಾಣೋ ಹಾಗಿರುವ ಅದೇ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು ಸ್ಟುಡಿಯೊದಲ್ಲಿ ಎರಡೂ ಅಳತೆಯಲ್ಲಿ ಹಾಕಿಸಿದೆ. ಹಾಜರಿ ಹಾಳೆಗೆ ಅಂಟಿಸೋಕೆ ಇನ್ನೊಂದು ಪಾಸ್‌ಪೋರ್ಟ್ ಫೋಟೊ ಬೇಕು. ಅದನ್ನು ಸಣ್ಣ ಪಾರದರ್ಶಕ ಕವರಿನಲ್ಲಿ ಇಟ್ಟೆ, ಆಧಾರ್ ಕಾರ್ಡಿನ ಜೊತೆ. ಆಧಾರ್ ಅಸಲಿಯೇ ಬೇಕು. ಜೆರಾಕ್ಸಿಗೆ ಸಹಿ ಮಾಡಿಸಿದ್ದರೂ ಆಗಲ್ಲ, ಫೋನಿನಲ್ಲಿರೋ ಫೋಟೊವೂ ಆಗಲ್ಲ.

‘ಚಿಕ್ಕಮ್ಮ, ಪೆನ್ನೇ ಇಟ್ಟಿಲ್ವಲ್ಲ?’ ಅಂದ್ಲು ಹುಡುಗಿ ಹಿಂದಿನ ರಾತ್ರಿ.

‘ಅಲ್ಲೇ ಕೊಡ್ತಾರೆ ಕಣೇ. ನೀನು ತಗೊಂಡು ಹೋದ್ರೆ ಗೇಟಲ್ಲೇ ಕಸ್ಕೋತಾರೆ.’

ನೀಟ್‌ನಲ್ಲಿ ಬಾಲ್‌ಪೆನ್ ಕೇಂದ್ರದವರೇ ಕೊಡುತ್ತಾರೆ. ಪೌಚು, ಜಾಮಿಟ್ರಿ ಬಾಕ್ಸು, ಪರ್ಸು, ಬೆಲ್ಟು, ಟೋಪಿ, ವಾಚು, ಒಡವೆ ಯಾವುದೂ ಇಲ್ಲ. ಬಾಟಲಿ ಪಾರದರ್ಶಕವಾದರೆ ಸರಿ. ಅಂಗಡಿ ಬಾಟಲಿಯ ಲೇಬಲ್ ನಾನೇ ಕಿತ್ತೆ. ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ ಸಕ್ಕರೆ ಮಾತ್ರೆ, ಬಾಳೆಹಣ್ಣು, ಸೇಬು, ಕಿತ್ತಳೆ ಒಯ್ಯಲು ಅವಕಾಶ ಉಂಟು. ಪ್ಯಾಕೆಟ್ ತಿಂಡಿಗೆ ಇಲ್ಲ.

ಬಟ್ಟೆಯೂ ಈ ಕವರಿನದೇ ಭಾಗ ಅಂತ ನನ್ನ ಲೆಕ್ಕ. ಉದ್ದ ತೋಳು ಬೇಡ, ಶೂ ಬೇಡ, ಹಿಮ್ಮಡಿ ಎತ್ತರವಿಲ್ಲದ ಚಪ್ಪಲಿ ಸಾಕು. ಅರ್ಧ ತೋಳಿನ ಹತ್ತಿ ಕುರ್ತಾ, ಹಳೇ ಚಪ್ಪಲಿ, ಕೂದಲಿಗೆ ಲೋಹದ ಕ್ಲಿಪ್ಪಿನ ಬದಲು ಬಟ್ಟೆಯ ರಬ್ಬರು. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಓಲೆ ಬಿಚ್ಚೋಕೆ ಮಾತ್ರ ಅಕ್ಕ ಒಪ್ಪಲೇ ಇಲ್ಲ. ತಿರುಪು ಬೇರೆ ಬಿಗಿದು ಕೂತಿತ್ತು. ಗೇಟಿನ ಮುಂದೆ ನೂಕುನುಗ್ಗಲಲ್ಲಿ ಬಿಚ್ಚೋದಕ್ಕಿಂತ ಮನೆಯಲ್ಲೇ ಆಗಲಿ ಅಂತ ಹಿಂದಿನ ದಿನವೇ ಸೋಪು ಹಚ್ಚಿ ತಿರುಗಿಸಿ ತೆಗೆದೆ.

ಪರೀಕ್ಷೆ ಎರಡು ಗಂಟೆಗೆ, ಗೇಟು ಮುಚ್ಚೋದು ಒಂದೂವರೆಗೆ. ಪತ್ರದಲ್ಲಿ ಹಾಜರಾಗುವ ವೇಳೆ ಬೇರೆ ಕೊಟ್ಟಿರುತ್ತಾರೆ, ನಾವು ಅದನ್ನೇ ಹಿಡಿದು ಹೊರಟೆವು. ಫೋನ್ ಒಳಗೆ ಹೋಗದ ಕಾರಣ ಐದು ಗಂಟೆಗೆ ಎಲ್ಲರೂ ಒಟ್ಟಿಗೆ ಹೊರಬಂದಾಗ ಹುಡುಕೋದು ಕಷ್ಟ. ಗೇಟಿನ ಬಲಕ್ಕಿದ್ದ ಬೇವಿನ ಮರ ತೋರಿಸಿ, ‘ನೀನು ಹುಡುಕ್ಬೇಡ, ಇಲ್ಲೇ ಬಂದು ನಿಲ್ಲು’ ಅಂತ ಹೇಳಿದ್ದೆ.

ಬರೆದಾದ ಮೇಲೆ ಆ ತುಂಬಿದ ಪ್ರವೇಶ ಪತ್ರವನ್ನು ಮೇಲ್ವಿಚಾರಕರಿಗೆ ಒಪ್ಪಿಸಿ ಬರಬೇಕು. ನೆನಪಿಗೆ ಅಂತ ಮಡಚಿ ತಂದರೆ ಅಭ್ಯರ್ಥಿತನಕ್ಕೇ ಕುತ್ತು. ಸೀಟು ಹಂಚಿಕೆಯ ದಾಖಲೆಗಳಲ್ಲಿ ಮತ್ತೆ ಪ್ರವೇಶ ಪತ್ರ ಕೇಳುತ್ತಾರೆ. ಮನೆಯಲ್ಲಿ ಉಳಿಸಿದ್ದ ಎರಡನೇ ಪ್ರಿಂಟನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಫೈಲಿಗೆ ಸೇರಿಸಿ, ಪ್ರವೇಶ ಪತ್ರದ ಒಂದು ಪ್ರತಿಯನ್ನು ಅವಳ ಇಮೇಲ್‌ಗೂ ಕಳಿಸಿದೆ.