ಕೂಲರ್ ಸದ್ದಿನಲ್ಲೂ ಮಾತು ಕೇಳುವ ಲೈಟು: ರಾಯಚೂರಿನ ನಮ್ಮ ಮನೆಯ ಅನುಭವ

ನಮ್ಮ ಹಾಲ್, ಅಡಿಗೆಮನೆ, ಬಚ್ಚಲಮನೆಯ ಲೈಟುಗಳು ಕನ್ನಡದಲ್ಲಿ ಹೇಳಿದರೆ ಹತ್ತುತ್ತವೆ, ಆರುತ್ತವೆ. ಧ್ವನಿ ಮನೆಯಿಂದ ಹೊರಗೆ ಹೋಗುವುದಿಲ್ಲ. ಹದಿನಾಲ್ಕು ತಿಂಗಳಾಯಿತು, ಇನ್ನೂ ನಡೀತಾ ಇದೆ. "ಇಂಟರ್ನೆಟ್ ಇಲ್ಲದೆ, ಅದೂ ಕನ್ನಡದಾಗ? ಆಗೋ ಮಾತಲ್ಲ" ಎಂದು ನಕ್ಕ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು ಅವ್ವನ ಮೊಣಕಾಲು ನೋವಿನಿಂದ. ರಾತ್ರಿ ಬಚ್ಚಲಿಗೆ ಹೋಗುವಾಗ ಸ್ವಿಚ್ ಹುಡುಕಿಕೊಂಡು ಗೋಡೆ ಸವರುತ್ತಿದ್ದಳು. ಮೊದಲು ಸುಮಾರು ನಾಲ್ಕು ಸಾವಿರ ಕೊಟ್ಟು, ಇಂಟರ್ನೆಟ್ ಮೂಲಕ ಮಾತು ಗುರುತಿಸುವ ಕ್ಲೌಡಿನ ಸ್ಪೀಕರ್ ತಂದೆ. ನಮ್ಮ ಓಣಿಯಲ್ಲಿ ಕರೆಂಟ್ ಹೋದರೆ ಇಂಟರ್ನೆಟ್ಟೂ ಹೋಗುತ್ತದೆ. ಇನ್ವರ್ಟರ್ ಮೇಲೆ ಲೈಟು ಉರಿಯಬಹುದು, ಆದರೆ ಸ್ಪೀಕರ್ ಮಾತ್ರ ಮೂಗ. ಕತ್ತಲಾದಾಗಲೇ ಕೆಲಸಕ್ಕೆ ಬಾರದ ವಸ್ತು ಯಾಕೆ? ತಿಂಗಳೊಳಗೆ ಅರ್ಧ ಬೆಲೆಗೆ ಮಾರಿದೆ.

ಆಮೇಲೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ತಂದು, ಮಾತನ್ನು ಬರಹವಾಗಿಸುವ ವಿಸ್ಪರ್ ತಂತ್ರಾಂಶ ಹಾಕಿದೆ. ಸಣ್ಣ ಮಾಡೆಲ್‌ಗಳಿಗೆ ಕನ್ನಡ ಸರಿಯಾಗಿ ಹತ್ತಲಿಲ್ಲ. ಸ್ವಲ್ಪ ದೊಡ್ಡದು ಹಾಕಿದರೆ ಒಂದು ವಾಕ್ಯಕ್ಕೆ ಹತ್ತು ಸೆಕೆಂಡಿನ ಮೇಲೆ. ಅಷ್ಟರಲ್ಲಿ ಅವ್ವ ಬಚ್ಚಲಿಗೆ ಹೋಗಿ ಬಂದಿರುತ್ತಾಳೆ. ಯಾರೂ ಮಾತಾಡದಿದ್ದಾಗಲೂ ಅದು ತಾನೇ ಏನೋ ವಾಕ್ಯ ಬರೆದುಬಿಡುತ್ತಿತ್ತು. ನಡುವೆ ವೋಸ್ಕ್ ಎಂಬ ಇನ್ನೊಂದು ತಂತ್ರಾಂಶದ ಇಂಡಿಯನ್ ಇಂಗ್ಲಿಷ್ ಮಾಡೆಲ್‌ಗೆ ನಾಲ್ಕೇ ವಾಕ್ಯ ಕೊಟ್ಟು ನೋಡಿದೆ. ಚುರುಕಾಗಿತ್ತು, ನನಗೆ ಸಾಕಿತ್ತು. ಆದರೆ ಅವ್ವ "ಕಿಚನ್ ಲೈಟ್ ಆನ್" ಅನ್ನುವವಳಲ್ಲ.

ಆಗ ಹೊಳೆದದ್ದು ಇಷ್ಟೇ: ನನಗೆ ಕನ್ನಡ ಪೂರ್ತಿ ತಿಳಿಯುವ ಯಂತ್ರ ಬೇಕಿಲ್ಲ. ಮೂರು ಲೈಟು, ಹಚ್ಚುವುದು ಮತ್ತು ಆರಿಸುವುದು, ಒಟ್ಟು ಆರು ಮಾತು. ಅಷ್ಟನ್ನೇ ಗುರುತಿಸುವ ಪುಟ್ಟ ಮಾಡೆಲ್ ನಾನೇ ಕಲಿಸಿದರೆ ಆಯಿತು. ಧ್ವನಿಯ ಗುಣಗಳನ್ನು ಅಂಕಿಗಳಾಗಿಸುವ ಎಮ್‌ಎಫ್‌ಸಿಸಿ ತೆಗೆದು, ಉದಾಹರಣೆಗಳಿಂದ ಕಲಿಯುವ ಸಿಎನ್‌ಎನ್ ಎಂಬ ಸಣ್ಣ ನರಜಾಲಕ್ಕೆ ಕೊಡುವುದು ಹಲವರು ಹಿಡಿಯುವ ದಾರಿಯೇ. ಮಾಡೆಲ್ ಇನ್ನೂರು ಕೆಬಿ ಆಸುಪಾಸು ಬಂತು. ಉತ್ತರ ಅರ್ಧ ಸೆಕೆಂಡಿನೊಳಗೆ.

ಮನೆಯ ಐದು ಜನರಿಂದ ಒಂದೊಂದು ಮಾತನ್ನು ಮೂವತ್ತು ಸಲ ಹೇಳಿಸಿದೆ. ಒಂಬೈನೂರು ತುಣುಕು. ಮಕ್ಕಳಿಗೆ ಐಸ್‌ಕ್ರೀಮಿನ ಲಂಚ ಕೊಟ್ಟೆ, ಅದನ್ನೂ ಖರ್ಚಿಗೆ ಸೇರಿಸಿದ್ದೇನೆ. ರೆಕಾರ್ಡಿಂಗ್ ಹೀಗೆ:

```
arecord -D plughw:1,0 -f S16_LE -r 16000 -c 1 -d 2 avva_01.wav
```

ಪದಗಳ ಆಯ್ಕೆಯಲ್ಲೇ ಎರಡು ಸಲ ಬಿದ್ದೆ. ಆರಿಸಲಿಕ್ಕೆ ಮೊದಲು "ಬಂದ್" ಅಂತ ಇಟ್ಟಿದ್ದೆ. ಮನೆಯಲ್ಲಿ ಯಾರಾದರೂ "ಅವನು ಬಂದ" ಅಂದರೆ ಸಾಕು, ಲೈಟು ಹೋಗುತ್ತಿತ್ತು. "ಆರಸು" ಅಂತ ಬದಲಿಸಿದೆ. "ಹಚ್ಚು" ಇನ್ನೂ ಕಷ್ಟ. ನಮ್ಮ ಕಡೆ ಎಣ್ಣೆಯನ್ನೂ ಹಚ್ಚುತ್ತೇವೆ, ಫೋನನ್ನೂ ಹಚ್ಚುತ್ತೇವೆ. ಹಾಗಾಗಿ ಮೊದಲು ಕರೆಯುವ ಹೆಸರೊಂದು ಬೇಕೇ ಬೇಕಾಯಿತು. "ಪುಟ್ಟ" ಇಟ್ಟರೆ ತೀರ ಚಿಕ್ಕದು, ಟಿವಿ ಧಾರಾವಾಹಿಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಕೊನೆಗೆ "ಬೆಳಕಪ್ಪ" ನಿಂತಿತು. ನಾಲ್ಕು ಅಕ್ಷರ, ಯಾರ ಹೆಸರೂ ಅಲ್ಲ, ಕೊನೆಯಲ್ಲಿ ಗಟ್ಟಿ ಒತ್ತು. ಒಂದು ಮಾಡೆಲ್ ಸದಾ ಅದನ್ನೇ ಕಾಯುತ್ತದೆ. ಕೇಳಿದ ಮೇಲೆ ಎರಡು ಸೆಕೆಂಡಿನ ಮಾತನ್ನು ಎರಡನೆಯದಕ್ಕೆ ಕೊಡುತ್ತದೆ. ಅಲ್ಲಿಂದ ಟಾಸ್ಮೋಟಾ ತಂತ್ರಾಂಶ ಹಾಕಿದ, ಲೈಟಿನ ಸ್ವಿಚ್ಚಿನ ಕೆಲಸ ಮಾಡುವ ರಿಲೇ ಬೋರ್ಡಿಗೆ ಮನೆಯ ನೆಟ್‌ವರ್ಕ್‌ನಲ್ಲೇ ಎಮ್‌ಕ್ಯೂಟಿಟಿ ಎಂಬ ಪುಟ್ಟ ಸಂದೇಶ:

```
mosquitto_pub -t cmnd/bachchalu/POWER -m ON
```

ಲ್ಯಾಪ್‌ಟಾಪ್‌ನಲ್ಲಿ ನೂರಕ್ಕೆ ತೊಂಬತ್ತೇಳು ಸರಿ ಬಂದಾಗ ಮೀಸೆ ತಿರುವಿದ್ದೆ. ಮಾನ್ವಿಯಿಂದ ಹೆಂಡತಿಯ ತಮ್ಮ ಬಂದು ಹತ್ತು ಸಲ ಹೇಳಿದ, ನಾಲ್ಕೇ ಸಲ ಹತ್ತಿತು. "ಭಾವ, ಇದು ಮನಿ ಮಂದಿ ಮಾತಷ್ಟೇ ಕೇಳ್ತದೇನು?" ಅಂದ. ತಪ್ಪು ನನ್ನದೇ. ಒಬ್ಬರದೇ ಧ್ವನಿಯ ತುಣುಕುಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿದ್ದೆ. ಆಗ ಮಾಡೆಲ್ ಮಾತನ್ನಲ್ಲ, ಆಳನ್ನು ಕಲಿಯುತ್ತದೆ. ಒಬ್ಬರನ್ನು ಪೂರ್ತಿ ಹೊರಗಿಟ್ಟು, ಅವರ ಮೇಲೆಯೇ ಪರೀಕ್ಷಿಸಿದಾಗ ನಿಜವಾದ ಅಂಕ ಎಪ್ಪತ್ತರ ಹತ್ತಿರ ಇತ್ತು. ಓಣಿಯ ಹನ್ನೆರಡು ಜನರ ಧ್ವನಿ ಸೇರಿಸಿದ ಮೇಲೆ ತೊಂಬತ್ತರ ಹತ್ತಿರ ಬಂತು.

ದೊಡ್ಡ ಹೊಡೆತ ಬಿದ್ದದ್ದು ಏಪ್ರಿಲ್‌ನಲ್ಲಿ. ಜನವರಿಯಲ್ಲಿ ಚೆನ್ನಾಗಿದ್ದ ವ್ಯವಸ್ಥೆ ಕೂಲರ್ ಶುರುವಾದ ದಿನವೇ ಕಿವುಡಾಯಿತು. ರಾಯಚೂರಿನ ಬಿಸಿಲಿಗೆ ಕೂಲರ್ ಆರಿಸಿ ಲೈಟು ಹಚ್ಚು ಅನ್ನಲಿಕ್ಕಾಗುತ್ತದಾ? ಕೂಲರಿನ ಸದ್ದು ಅರ್ಧ ಗಂಟೆ ರೆಕಾರ್ಡ್ ಮಾಡಿ ಹಳೆಯ ತುಣುಕುಗಳ ಮೇಲೆ ಬೆರೆಸಿದೆ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಅವ್ವನ ಎರಡು ತುಣುಕು ಒಂದರ ಹಿಂದೆ ಒಂದು ಕೇಳಿದೆ. ಸದ್ದಿನ ನಡುವೆ ಅವಳು ಬರೀ ಜೋರಾಗಿ ಮಾತಾಡುತ್ತಿರಲಿಲ್ಲ. ಧ್ವನಿ ಮೇಲೇರುತ್ತಿತ್ತು, "ಹಚ್ಚೂ" ಎಂದು ಕೊನೆ ಎಳೆಯುತ್ತಿದ್ದಳು. ಶಾಂತವಾದ ಮಾತಿಗೆ ಸದ್ದು ಬೆರೆಸಿದರೆ ಈ ಕೂಗು ಬರುವುದಿಲ್ಲ. ಕೂಲರ್ ಹಾಕಿಯೇ ಎಲ್ಲರಿಂದ ಮತ್ತೆ ಹೇಳಿಸಿದೆ. ಮೈಕನ್ನು ಕೂಲರಿನ ಗೋಡೆಯಿಂದ ಎದುರು ಗೋಡೆಗೆ ಸರಿಸಿದೆ. ಆಮೇಲೆ ಹತ್ತರಲ್ಲಿ ಎಂಟು ಸಲ ಸರಿ. ಮೈಕಿನ ಸುತ್ತ ಇನ್ನೊಂದು ಚಿಕ್ಕ ಕೆಲಸ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಚಿಕ್ಕದಾದರೂ ಆರು ವಾರದ ದುಡಿಮೆ ಅದು.

ಎಷ್ಟು ಖಾತ್ರಿಯಾದರೆ ಲೈಟು ಹಚ್ಚಬೇಕು ಅನ್ನುವುದು ಮನೆಯ ಜಗಳವಾಯಿತು. ಮಿತಿ 0.7 ಇಟ್ಟರೆ ನಡುರಾತ್ರಿ ಎರಡು ಮೂರು ಸಲ ತಾನೇ ಹತ್ತುತ್ತಿತ್ತು. 0.95 ಇಟ್ಟರೆ ಅವ್ವ ಮೂರು ಸಲ ಕೂಗಬೇಕು. "ಏನಪಾ, ನಿನ್ನ ಬೆಳಕಪ್ಪಗ ಕಿವಿ ಕೇಳಲ್ಲೇನು?" ಅಂದಳು. ಈಗ ಬಚ್ಚಲಿಗೆ 0.75, ಹಾಲ್‌ಗೆ 0.9. ಬಚ್ಚಲ ಲೈಟು ಸುಮ್ನೆ ಹತ್ತಿದರೆ ಯಾರಿಗೂ ತೊಂದರೆಯಿಲ್ಲ. ಹಾಲ್‌ನಲ್ಲಿ ಮಕ್ಕಳು ಮಲಗಿರುತ್ತಾರೆ.

ಗೋಡೆಯ ಸ್ವಿಚ್ಚಿನದು ಬೇರೆ ಕಥೆ. ಮೊದಲು ರಿಲೇಯನ್ನು ಸ್ಟೇರ್‌ಕೇಸ್ ವೈರಿಂಗ್ ಥರ ಟೂ ವೇ ಸ್ವಿಚ್ಚಿಗೆ ಸೇರಿಸಿದ್ದೆ. ಯಾರಾದರೂ ಗೋಡೆಯಲ್ಲಿ ಒತ್ತಿದ ಮೇಲೆ "ಹಚ್ಚು" ಅಂದರೆ ಆರುತ್ತಿತ್ತು, ಯಾಕೆಂದರೆ ಬಲ್ಬಿನ ಸ್ಥಿತಿ ರಿಲೇಗೆ ಗೊತ್ತಿರುವುದಿಲ್ಲ. ಈಗ ಸ್ವಿಚ್ಚು ರಿಲೇ ಬೋರ್ಡಿನ ಇನ್‌ಪುಟ್‌ಗೆ ಹೋಗುತ್ತದೆ, ಸ್ಥಿತಿ ಸರಿಯಾಗಿರುತ್ತದೆ. ಆದರೆ ಬೋರ್ಡ್ ಸತ್ತರೆ ಸ್ವಿಚ್ಚೂ ಸತ್ತಂತೆ. ಅದಕ್ಕೇ ಬಚ್ಚಲಲ್ಲಿ ಮಾತ್ರ ಎರಡನೇ ಬಲ್ಬು ಹಳೆಯ ಸ್ವಿಚ್ಚಿನ ಮೇಲೆ ಬಿಟ್ಟಿದ್ದೇನೆ. ಕರೆಂಟ್ ಬಂದಾಗ ಹಳೆಯ ಸ್ಥಿತಿಗೆ ಮರಳಿ ರಾತ್ರಿ ಮೂರಕ್ಕೆ ಹತ್ತದಂತೆ ಟಾಸ್ಮೋಟಾದಲ್ಲಿ `PowerOnState 0` ಹಾಕಿ.

ಖರ್ಚು, ನೆನಪಿನಿಂದ: ಪೈ ಐದೂವರೆ ಸಾವಿರ, ಎರಡು ಮೈಕಿನ ಬೋರ್ಡ್ ಸಾವಿರದ ಮುನ್ನೂರು, ಅದಕ್ಕೂ ಮೊದಲು ಸುಮ್ನೆ ಹೋದ ನೂರಾ ಎಂಬತ್ತರ ಯುಎಸ್‌ಬಿ ಮೈಕು. ರಿಲೇಗಳು ಆರುನೂರು, ಒಂದನ್ನು ಸುಟ್ಟದ್ದೂ ಸೇರಿ. ಕರೆಂಟ್ ಹೋಗಿ ಹಾಳಾದ ಎರಡು ಮೆಮೊರಿ ಕಾರ್ಡು. ಸ್ಪೀಕರಿನ ನಷ್ಟ, ಐಸ್‌ಕ್ರೀಮು ಎಲ್ಲ ಕೂಡಿಸಿದರೆ ಹನ್ನೊಂದು ಸಾವಿರ ದಾಟಿದೆ. ಅಗ್ಗ ಅಂತ ಯಾರೂ ಇದಕ್ಕೆ ಕೈ ಹಾಕಬೇಡಿ.

ಮನೆಯೊಳಗೇ ಉಳಿಯುತ್ತದೆ ಅಂದಮಾತ್ರಕ್ಕೆ ಗುಟ್ಟಾಗಿ ಉಳಿಯುತ್ತದೆ ಅಂತಲೂ ಅಲ್ಲ. ತಪ್ಪಾದ ತುಣುಕುಗಳನ್ನು ಪರೀಕ್ಷೆಗಾಗಿ ಕಾರ್ಡಿನಲ್ಲಿ ಉಳಿಸುತ್ತಿದ್ದೆ. ಒಂದು ದಿನ ಹೆಂಡತಿ ಅದರಲ್ಲಿ ತನ್ನ ತವರಿನ ಫೋನ್ ಮಾತು ಕೇಳಿಸಿಕೊಂಡಳು. ಆ ದಿನ ಊಟ ನಾನೇ ಬಡಿಸಿಕೊಂಡೆ. ಈಗ ಧ್ವನಿ `/dev/shm` ನಲ್ಲಿ, ಅಂದರೆ ರ‍್ಯಾಮ್‌ನಲ್ಲಿ ಮಾತ್ರ ಇರುತ್ತದೆ. ಉತ್ತರ ಬಂದ ಕೂಡಲೇ ಅಳಿಸಿಹೋಗುತ್ತದೆ. ನಂಬದವರ ಎದುರಿಗೆ ರೌಟರಿಗೆ ಬರುವ ಇಂಟರ್ನೆಟ್ ಕೇಬಲ್ ಕಿತ್ತು ತೋರಿಸುತ್ತೇನೆ. ಲೈಟು ಹತ್ತುತ್ತದೆ.

ಹೊಸ ಲೈಟು ಸೇರಿಸುವುದೇ ಇದರ ಕಷ್ಟ. ಮಾಳಿಗೆಯಲ್ಲಿ ಒಂದು ಬಲ್ಬು ಹಾಕಿ ನಾಲ್ಕು ತಿಂಗಳಾಯಿತು. ಅದಕ್ಕೆ ಎರಡು ಮಾತು, ಐದು ಜನ, ಮೂವತ್ತು ಸಲ, ಕೂಲರ್ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ. ಮಕ್ಕಳು ಈ ಸಲ ಐಸ್‌ಕ್ರೀಮಿಗೆ ಒಪ್ಪುತ್ತಿಲ್ಲ, ಸೈಕಲ್ ಕೇಳುತ್ತಿದ್ದಾರೆ. ಸದ್ಯಕ್ಕೆ ಮಾಳಿಗೆಯ ಲೈಟು ಸ್ವಿಚ್ಚಿನಿಂದಲೇ ಹತ್ತುತ್ತಿದೆ.